ಯ, ದ, ಇನ, ವಿನ: ಉದ್ದ ಸರಪಳಿಯ ವಾಕ್ಯ ಬಿಚ್ಚುವ ಬಗೆ

ಮದ್ದೂರು ಕಡೆಯ ನೀರು ಬಳಕೆದಾರರ ಸಂಘವೊಂದರ ಕಾರ್ಯದರ್ಶಿ ಒಂದು ಬೆಳಿಗ್ಗೆ ಮಂಡ್ಯದ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಹಾಳೆ ಇತ್ತು. ಇಂಥ ಸಂಘಗಳ ಸೂಚನೆ, ವಾರ್ಷಿಕ ವರದಿ, ಮನವಿ ಪತ್ರಗಳನ್ನು ತಿದ್ದಿಕೊಡುವುದು ನನಗೆ ರೂಢಿ. "ಸಾರ್, ಇದನ್ನ ಬೋರ್ಡಿಗೆ ಅಂಟಿಸಿದ್ವಿ. ಓದಿದೋರೆಲ್ಲ ಫೋನ್ ಮಾಡಿ, ‘ಅದೆಲ್ಲಾ ಸರಿ ಕಣಣ್ಣ, ನೀರು ಯಾವತ್ತು ಬತ್ತದೆ?’ ಅಂತ ಕೇಳ್ತಾವ್ರೆ" ಅಂದರು. ಹಾಳೆಯಲ್ಲಿ ಇದ್ದದ್ದು ಒಂದೇ ವಾಕ್ಯ:

"ವಿತರಣಾ ನಾಲೆಯ ಹೂಳಿನ ತೆರವಿನ ಕಾಮಗಾರಿಯ ಪ್ರಗತಿಯ ಪರಿಶೀಲನೆಯ ವರದಿಯ ಸಲ್ಲಿಕೆಯ ವಿಳಂಬದ ಹಿನ್ನೆಲೆಯಲ್ಲಿ, ಕೊನೆಭಾಗದ ರೈತರ ಜಮೀನುಗಳ ನೀರಿನ ಪೂರೈಕೆಯ ದಿನಾಂಕದ ಬದಲಾವಣೆಯ ಮಾಹಿತಿಯನ್ನು ಈ ಮೂಲಕ ನೀಡಲಾಗಿದೆ."

ವ್ಯಾಕರಣದ ತಪ್ಪು ಒಂದೂ ಇಲ್ಲ. ಕಾಗುಣಿತವೂ ಸರಿಯಾಗಿದೆ. ಆದರೂ ವಿ.ಸಿ. ನಾಲೆಯ ನೀರನ್ನೇ ನಂಬಿ ಭತ್ತದ ಒಟ್ಲು ಹಾಕಿಕೊಂಡು ಕೂತವರಿಗೆ ಇದರಿಂದ ಏನೂ ತಿಳಿಯಲಿಲ್ಲ. ಇಂಥ ವಾಕ್ಯ ಬಿಚ್ಚುವುದು ಹೇಗೆ ಎಂದು ಇದೇ ವಾಕ್ಯವನ್ನು ಇಟ್ಟುಕೊಂಡು ತೋರಿಸುತ್ತೇನೆ. ನಿಮ್ಮ ಸಂಘದ, ಕಚೇರಿಯ ಅಥವಾ ಕಾಲೇಜಿನ ಒಂದು ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಈ ಸರಪಳಿ ಎಲ್ಲಿಂದ ಬರುತ್ತದೆ

ಹೆಚ್ಚಿನ ಸಲ ಇದು ಇಂಗ್ಲಿಷ್ ಸುತ್ತೋಲೆಯಿಂದ ಬರುತ್ತದೆ. ಇಂಗ್ಲಿಷ್‌ನಲ್ಲಿ ‘ಆಫ್’ ಎಂಬ ಪದದಿಂದ ಒಂದು ನಾಮಪದಕ್ಕೆ ಇನ್ನೊಂದನ್ನು ಕಟ್ಟುತ್ತಾ ಹೋಗುತ್ತಾರೆ. ಅಲ್ಲೂ ಅದು ಕೆಟ್ಟ ಬರವಣಿಗೆಯೇ. ಅದನ್ನು ಕನ್ನಡಕ್ಕೆ ತರುವವರು ಪ್ರತಿ ‘ಆಫ್’ ಜಾಗದಲ್ಲಿ ಒಂದು ಷಷ್ಠಿ ಪ್ರತ್ಯಯ ಕೂರಿಸುತ್ತಾರೆ. "ನೀತಿಯ ಮೌಲ್ಯಮಾಪನದ ಅನುಷ್ಠಾನ" ಎಂಬಂಥ ಮಾತು ಹುಟ್ಟುವುದು ಹೀಗೆ. ಕ್ರಮೇಣ ಕಣ್ಣಿಗೆ ಅದೇ ಒಗ್ಗಿಹೋಗಿ, ನೇರವಾಗಿ ಕನ್ನಡದಲ್ಲಿ ಬರೆಯುವಾಗಲೂ ಕೈ ಅದೇ ದಾರಿ ಹಿಡಿಯುತ್ತದೆ.

ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಇದರ ತೊಂದರೆ ಜಾಸ್ತಿ. ಇಂಗ್ಲಿಷ್ ಸರಪಳಿಯಲ್ಲಿ ಮುಖ್ಯ ಪದ ಮೊದಲೇ ಸಿಗುತ್ತದೆ. ಅನುಷ್ಠಾನದ ಮಾತು ಎಂದು ಓದುವವನಿಗೆ ಶುರುವಿನಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ಮುಖ್ಯ ಪದ ಬರುವುದು ಕೊನೆಗೆ. ಮೇಲಿನ ಸೂಚನೆಯಲ್ಲಿ ನಾಲೆ, ಹೂಳು, ತೆರವು, ಕಾಮಗಾರಿ, ಪ್ರಗತಿ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಹೋದ ಮೇಲೆ ‘ವಿಳಂಬ’ ಸಿಗುತ್ತದೆ. ಅಷ್ಟು ಹೊತ್ತಿಗೆ ಮೊದಲಿನದು ಮರೆತಿರುತ್ತದೆ.

ಮೊದಲು ಗೆರೆ ಎಳೆಯಿರಿ

ಪೆನ್ಸಿಲ್ ತೆಗೆದುಕೊಂಡು ಷಷ್ಠಿ ವಿಭಕ್ತಿಯ ಪದಗಳಿಗೆಲ್ಲ ಗೆರೆ ಹಾಕಿ. ಅವು ಯ, ದ, ನ, ಇನ, ವಿನ, ರ, ಗಳ ಎಂದು ಮುಗಿಯುತ್ತವೆ. ‘ದ’ ಕಂಡಲ್ಲೆಲ್ಲ ಗೆರೆ ಎಳೆಯಬೇಡಿ. ‘ಬಂದ ರೈತರು’, ‘ತೆಗೆದ ಹೂಳು’, ‘ಇಲ್ಲದ ನೀರು’ ಇವೆಲ್ಲ ಕ್ರಿಯೆಯಿಂದ ಬಂದ ಪದಗಳು. ಅನುಮಾನ ಬಂದರೆ ‘ಯಾವುದರ?’ ಅಥವಾ ‘ಯಾರ?’ ಎಂದು ಕೇಳಿ ನೋಡಿ. ‘ಯಾವುದರ ಹೂಳು? ನಾಲೆಯ ಹೂಳು’ ಎಂದು ಉತ್ತರ ಸರಿಯಾಗಿ ಕೂತರೆ ಅದು ಷಷ್ಠಿ.

ನಮ್ಮ ಸೂಚನೆಯಲ್ಲಿ ಇರುವುದು 22 ಪದ. ಅದರಲ್ಲಿ 16 ಷಷ್ಠಿ. ಮೊದಲ ಸರಪಳಿಯಲ್ಲಿ 9 ಕೊಂಡಿ, ಎರಡನೆಯದರಲ್ಲಿ 7. ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಒಂದರ ಹಿಂದೆ ಒಂದು ಎರಡು ಬಂದರೆ ಬಿಟ್ಟುಬಿಡುತ್ತೇನೆ, ಮೂರನೆಯದು ಬಂದರೆ ನಿಂತು ನೋಡುತ್ತೇನೆ.

ನಿಂತು ನೋಡಬೇಕು ಅಂದೆ, ಕಿತ್ತು ಹಾಕಬೇಕು ಅನ್ನಲಿಲ್ಲ. "ನಮ್ಮ ಅತ್ತೆಯ ತಮ್ಮನ ಮಗನ ಮದುವೆ" ಎಂಬಲ್ಲಿ ಸಾಲಾಗಿ ನಾಲ್ಕು ಷಷ್ಠಿ ಇವೆ. ಆದರೂ ಕೇಳಿದವರು ತಕ್ಷಣ "ಯಾವ ಛತ್ರ?" ಎನ್ನುತ್ತಾರೆ. ಅಲ್ಲಿ ಪ್ರತಿ ಕೊಂಡಿಯೂ ಕಣ್ಣಿಗೆ ಕಾಣುವ ಒಬ್ಬ ಮನುಷ್ಯ. ಸೂಚನೆಯ ಸರಪಳಿ ಹಾಗಲ್ಲ. ಅದರ ಕೊಂಡಿಗಳಲ್ಲಿ ಅರ್ಧದಷ್ಟು ಯಾರೋ ಮಾಡಬೇಕಾದ ಕೆಲಸಗಳು. ನಾಮಪದದ ವೇಷ ಹಾಕಿಕೊಂಡಿವೆ.

ಅಡಗಿರುವ ಕ್ರಿಯೆಯನ್ನು ಹೊರಗೆಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಗೆರೆ ಎಳೆದ ಪದಗಳನ್ನು ಎರಡು ಪಾಲು ಮಾಡಿ. ಒಂದು ಕಡೆ ವಸ್ತು, ಜಾಗ, ಜನ. ಇನ್ನೊಂದು ಕಡೆ ಕೆಲಸ. ಪತ್ತೆ ಹಚ್ಚುವುದು ಸುಲಭ. ಪದದ ಮುಂದೆ ‘ಮಾಡು’ ಅಥವಾ ‘ಆಗು’ ಸೇರಿಸಿ ನೋಡಿ. ‘ಪರಿಶೀಲನೆ ಮಾಡು’, ‘ವಿಳಂಬ ಆಗು’ ಎಂದು ಹೇಳಬಹುದು. ‘ನಾಲೆ ಮಾಡು’, ‘ರೈತ ಆಗು’ ಎಂದರೆ ಇಲ್ಲಿ ಅರ್ಥ ಹೊಂದುವುದಿಲ್ಲ. ‘ಇಕೆ’, ‘ವಿಕೆ’, ‘ವಣೆ’, ‘ನೆ’ ಎಂದು ಮುಗಿಯುವ ಪದಗಳ ಮೇಲೆ ಮೊದಲು ಕಣ್ಣಿಡಿ.

ನಮ್ಮ 16ರಲ್ಲಿ ಕೆಲಸಗಳ ಪಾಲಿಗೆ 7 ಬಂದವು: ತೆರವು, ಪ್ರಗತಿ, ಪರಿಶೀಲನೆ, ಸಲ್ಲಿಕೆ, ವಿಳಂಬ, ಪೂರೈಕೆ, ಬದಲಾವಣೆ. ಈಗ ಒಂದೊಂದನ್ನೂ ದಿನಬಳಕೆಯ ಕ್ರಿಯಾಪದ ಮಾಡಿ. ಹೂಳಿನ ತೆರವು ಎಂದರೆ ಹೂಳು ತೆಗೆಯುವುದು. ಪ್ರಗತಿ ಎಂದರೆ ಕೆಲಸ ಎಲ್ಲಿಗೆ ಬಂತು ಎನ್ನುವುದು. ಪರಿಶೀಲನೆ ಎಂದರೆ ಹೋಗಿ ನೋಡುವುದು. ಸಲ್ಲಿಕೆ ಕೊಡುವುದಾಯಿತು, ವಿಳಂಬ ತಡವಾಗುವುದಾಯಿತು, ಪೂರೈಕೆ ನೀರು ಬಿಡುವುದಾಯಿತು.

‘ಪರಿಶೀಲನೆ’ಯನ್ನು ಬರೀ ‘ಪರಿಶೀಲನೆ ಮಾಡಲಾಯಿತು’ ಎಂದು ತಿದ್ದಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಕ್ರಿಯೆಯ ತೂಕ ಇನ್ನೂ ನಾಮಪದದ ಮೇಲೇ ಕೂತಿರುತ್ತದೆ. ಮಾಡಿದವರೂ ಕಾಣುವುದಿಲ್ಲ. ‘ನೋಡಿದರು’ ಎಂದು ಬರೆದಾಗ ವಾಕ್ಯಕ್ಕೆ ಕಾಲು ಬರುತ್ತದೆ.

ಜೊತೆಗೆ, ಏನೂ ಹೇಳದೆ ನಡುವೆ ಕೂತಿರುವ ಪದಗಳನ್ನು ತೆಗೆಯಿರಿ. ಕಾರ್ಯ, ಪ್ರಕ್ರಿಯೆ, ವಿಷಯ, ಹಿನ್ನೆಲೆ, ಅನುಷ್ಠಾನ ಇವು ಹೆಚ್ಚಾಗಿ ಅಂಥವೇ. "ಹೂಳಿನ ತೆರವಿನ ಕಾಮಗಾರಿ" ಎಂಬಲ್ಲಿ ತೆರವು, ಕಾಮಗಾರಿ ಎರಡೂ ಒಂದೇ ಕೆಲಸದ ಮಾತು. ‘ಹೂಳು ತೆಗೆಯುವ ಕೆಲಸ’ ಎಂದರೆ ಸಾಕು. ‘ಅನುಷ್ಠಾನ’ ಬಂದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. "ನೀತಿಯ ಮೌಲ್ಯಮಾಪನದ ಅನುಷ್ಠಾನ" ಎಂಬುದಕ್ಕೆ ಎರಡು ಅರ್ಥ ಬರುತ್ತದೆ. ನೀತಿ ಎಷ್ಟು ಕೆಲಸ ಮಾಡಿದೆ ಎಂದು ಅಳೆಯುವುದು ಒಂದು. ಹಾಗೆ ಅಳೆದ ಮೇಲೆ ಬಂದ ಸಲಹೆಗಳನ್ನು ಜಾರಿಗೆ ತರುವುದು ಇನ್ನೊಂದು. ಮೊದಲನೆಯದಾದರೆ ‘ಅನುಷ್ಠಾನ’ ಸುಮ್ನೆ ಬಂದ ಪದ, ಕಿತ್ತು ಹಾಕಬಹುದು. ಎರಡನೆಯದಾದರೆ ವಾಕ್ಯದ ಜೀವ ಇರುವುದೇ ಅದರಲ್ಲಿ. ಯಾವುದೆಂದು ಬರೆದವರನ್ನೇ ಕೇಳಬೇಕು.

ಬೇರೆ ವಿಭಕ್ತಿಗಳಿಗೂ ಕೆಲಸ ಕೊಡಿ

ಶಾಲೆಯಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಬಾಯಿಪಾಠ ಮಾಡಿದ್ದೆವು, ಅಲ್ವಾ? ಕಚೇರಿ ಕನ್ನಡದಲ್ಲಿ ಆ ‘ಅ’ ಒಂದೇ ದುಡಿಯುತ್ತಿದೆ, ಉಳಿದವು ಕೂತಿವೆ. ಆದರೆ ‘ಅ’ಗೆ ಒಂದು ಕೊರತೆ ಇದೆ. ಎರಡು ಪದಗಳ ನಡುವೆ ಏನೋ ಸಂಬಂಧ ಇದೆ ಎಂದಷ್ಟೇ ಅದು ಹೇಳುತ್ತದೆ. ಎಂಥ ಸಂಬಂಧ ಎಂದು ಹೇಳುವುದಿಲ್ಲ.

"ಅಧ್ಯಕ್ಷರ ಆಯ್ಕೆ ಸರಿಯಾಗಿಲ್ಲ" ಎಂದು ನಡಾವಳಿ ಪುಸ್ತಕದಲ್ಲಿ ಬರೆದಿದ್ದರೆ ಏನು ಅರ್ಥ? ಅಧ್ಯಕ್ಷರನ್ನು ಆರಿಸಿದ ರೀತಿ ಸರಿಯಿಲ್ಲವೋ, ಅಧ್ಯಕ್ಷರು ಆರಿಸಿದ್ದು ಸರಿಯಿಲ್ಲವೋ? "ಗುತ್ತಿಗೆದಾರರ ದೂರು" ಎಂದರೆ ಗುತ್ತಿಗೆದಾರರು ಕೊಟ್ಟದ್ದೋ, ಅವರ ಮೇಲೆ ಬಂದದ್ದೋ? ಸಭೆಯಲ್ಲಿ ಕೂತವರಿಗೆ ಆವತ್ತು ಗೊತ್ತಿರುತ್ತದೆ. ಮೂರು ವರ್ಷ ಬಿಟ್ಟು ಲೆಕ್ಕ ತಪಾಸಣೆಗೆ ಬಂದವರಿಗೆ ಗೊತ್ತಾಗುವುದಿಲ್ಲ. ‘ಅಧ್ಯಕ್ಷರನ್ನು ಆರಿಸಿದ್ದು’ ಅಥವಾ ‘ಅಧ್ಯಕ್ಷರು ಆರಿಸಿದ್ದು’, ‘ಗುತ್ತಿಗೆದಾರರು ಕೊಟ್ಟ ದೂರು’ ಅಥವಾ ‘ಗುತ್ತಿಗೆದಾರರ ಮೇಲಿನ ದೂರು’ ಎಂದು ಬರೆದರೆ ಜಗಳಕ್ಕೆ ಜಾಗ ಇರುವುದಿಲ್ಲ.

ಕ್ರಿಯೆಯನ್ನು ಹೊರಗೆಳೆದ ಮೇಲೆ ಈ ಬದಲಾವಣೆ ತಾನಾಗಿಯೇ ಬರುತ್ತದೆ. ‘ಬಿಡು’ ಎಂದ ತಕ್ಷಣ ‘ಯಾರಿಗೆ?’ ಎಂಬ ಪ್ರಶ್ನೆ ಏಳುತ್ತದೆ. ‘ರೈತರ’ ಎಂಬುದು ‘ರೈತರಿಗೆ’ ಆಗುತ್ತದೆ, ‘ಜಮೀನುಗಳ’ ಎಂಬುದು ‘ಗದ್ದೆಗಳಿಗೆ’ ಆಗುತ್ತದೆ. ‘ವಿಳಂಬದ ಹಿನ್ನೆಲೆಯಲ್ಲಿ’ ಎಂಬುದು ‘ತಡವಾಗಿದ್ದರಿಂದ’ ಎಂಬ ಒಂದೇ ಪದವಾಗುತ್ತದೆ.

ಇಲ್ಲೊಂದು ಮೋಸದ ದಾರಿ ಇದೆ. ಪ್ರತ್ಯಯಗಳನ್ನು ಉದುರಿಸಿ ಪದಗಳನ್ನು ಒತ್ತಿಕೂರಿಸುವುದು: "ಹೂಳು ತೆರವು ಕಾಮಗಾರಿ ಪ್ರಗತಿ ಪರಿಶೀಲನಾ ವರದಿ". ಗೆರೆ ಎಳೆಯಲು ಈಗ ಷಷ್ಠಿಯೇ ಇಲ್ಲ. ಆದರೆ ಸರಪಳಿ ಹಾಗೇ ಇದೆ. ಪದಗಳ ನಡುವೆ ಮೊದಲು ಇದ್ದ ಸಣ್ಣ ಸುಳಿವೂ ಹೋಯಿತು. ಪ್ರತ್ಯಯ ಬಿಡುವುದು ಜನರ ಬಾಯಲ್ಲೇ ಒಂದಾಗಿರುವ ಮಾತುಗಳಿಗೆ ಮಾತ್ರ ಸರಿ. ‘ನಾಲೆ ನೀರು’, ‘ಡೈರಿ ಕಾರ್ಯದರ್ಶಿ’, ‘ಪಂಚಾಯಿತಿ ಕಚೇರಿ’ ಇವಕ್ಕೆ ‘ಯ’ ಬೇಕಿಲ್ಲ.

‘ತೆಗೆಯುವ’, ‘ಕೊಟ್ಟ’, ‘ಬಂದ’ ಇಂಥ ಪದಗಳೂ ಒಂದು ಮಿತಿಯಲ್ಲಿರಬೇಕು. "ಸಂಘ ನೇಮಿಸಿದ ಸದಸ್ಯರು ನೋಡಿದ ಕೆಲಸದ ಬಗ್ಗೆ ಬರೆದ ವರದಿ ತಂದ ಕಾರ್ಯದರ್ಶಿ" ಎಂದು ಬರೆದರೆ ಹಳೆ ಸರಪಳಿ ಹೋಗಿ ಹೊಸದು ಬಂತು ಅಷ್ಟೇ. ಒಂದು ವಾಕ್ಯಕ್ಕೆ ಒಂದು, ಹೆಚ್ಚೆಂದರೆ ಎರಡು. ಮುಂದಿನದಕ್ಕೆ ಹೊಸ ವಾಕ್ಯ ಶುರು ಮಾಡಿ.

ಯಾರು ಎಂದು ಕೇಳಿ, ಊಹಿಸಬೇಡಿ

ಕ್ರಿಯಾಪದ ಬಂದರೆ ಕರ್ತೃ ಬೇಕು. ಸೂಚನೆಯಲ್ಲಿ ಒಬ್ಬನೂ ಕರ್ತೃ ಇರಲಿಲ್ಲ. ನಾನು ಅಂದು ಕಾರ್ಯದರ್ಶಿಯವರ ಮುಂದೆಯೇ ಹೀಗೆ ಬರೆದೆ: "ಹೂಳು ತೆಗೆಯುವ ಕೆಲಸ ಎಲ್ಲಿಗೆ ಬಂತೆಂದು ಎಂಜಿನಿಯರ್ ನೋಡಿ ವರದಿ ಕೊಡಬೇಕಿತ್ತು." ಅವರು ಕೈ ಅಡ್ಡ ಹಿಡಿದರು. "ಅಯ್ಯೋ, ಹಂಗೆ ಬರೀಬೇಡಿ ಸಾರ್. ನೋಡ್ಬೇಕಾಗಿದ್ದು ನಮ್ ಸಂಘದ ಮೂರು ಜನ. ಎಂಜಿನಿಯರ್ ಸಾಹೇಬ್ರದ್ದು ಏನೂ ಇಲ್ಲ ಇದರಲ್ಲಿ."

ಅವರು ಪಕ್ಕದಲ್ಲಿ ಇಲ್ಲದಿದ್ದರೆ ತಪ್ಪಿಲ್ಲದ ಒಬ್ಬರ ಮೇಲೆ ತಡದ ಹೊಣೆ ಬೀಳುತ್ತಿತ್ತು. ಅದೂ ಊರ ಬೋರ್ಡಿನಲ್ಲಿ. ಈ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಕರ್ತೃ ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ‘ಯಾರು?’ ಎಂದು ಬರೆದು ಖಾಲಿ ಬಿಡಿ. ಕೇಳಿ ತುಂಬಿಸಿ. ಬರೆದವರಿಗೂ ಗೊತ್ತಿಲ್ಲ ಎಂದಾದರೆ, ಆ ಕೆಲಸವನ್ನು ಯಾರಿಗೂ ವಹಿಸಿಯೇ ಇಲ್ಲ ಎಂದು ಅರ್ಥ. ಅದು ಸಭೆಯಲ್ಲಿ ತೀರ್ಮಾನ ಆಗಬೇಕಾದದ್ದು. ಬರವಣಿಗೆಯಿಂದ ಅದನ್ನು ಸರಿಮಾಡಲು ಆಗದು.

ಕರ್ತೃವಿನ ಹಿಂದೆಯೇ ಇನ್ನೊಂದು ಖಾಲಿ ಜಾಗ ಕಂಡಿತು. "ದಿನಾಂಕದ ಬದಲಾವಣೆಯ ಮಾಹಿತಿಯನ್ನು ನೀಡಲಾಗಿದೆ" ಎಂದು ಸೂಚನೆ ಹೇಳುತ್ತಿತ್ತು. ಆದರೆ ದಿನಾಂಕ ಎಲ್ಲಿದೆ? ಇಡೀ ಹಾಳೆಯಲ್ಲಿ ಇರಲಿಲ್ಲ. ಕಾರ್ಯದರ್ಶಿ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಬರೆದವರು, ಓದಿ ಸಹಿ ಹಾಕಿದವರು, ಅಂಟಿಸಿದವರು ಯಾರಿಗೂ ಅದು ಹೊಳೆದಿರಲಿಲ್ಲ. ‘ಮಾಹಿತಿಯನ್ನು ನೀಡಲಾಗಿದೆ’ ಎಂದು ಓದಿದಾಗ ಮಾಹಿತಿ ಕೊಟ್ಟೇ ಆಯಿತು ಎಂದು ಎಲ್ಲರಿಗೂ ಅನ್ನಿಸಿದೆ. ‘ದಿನ ಬದಲಾಗಿದೆ’ ಎಂದು ಬರೆದಿದ್ದರೆ ಬರೆದವರೇ ‘ಯಾವತ್ತಿಗೆ?’ ಎಂದು ಕೇಳಿಕೊಳ್ಳುತ್ತಿದ್ದರು.

ಜೋಡಿಸುವುದು

ಈಗ ಬಿಡಿಬಿಡಿಯಾಗಿರುವುದನ್ನು ಸಾಲಾಗಿ ಇಡಬೇಕು. ಮೂಲದಲ್ಲಿ ಕಾರಣ ಮೊದಲು ಇತ್ತು, ವಿಷಯ ಕೊನೆಗೆ ಇತ್ತು. ಬೋರ್ಡಿನ ಮುಂದೆ ನಿಂತವರಿಗೆ ಮೊದಲು ಬೇಕಾದದ್ದು ದಿನ. ಕಾರಣ ಆಮೇಲೆ ಬರಲಿ. ಹೀಗೆ ಬರೆದೆವು:

"ವಿತರಣಾ ನಾಲೆ ಕೊನೆಭಾಗದ ಗದ್ದೆಗಳಿಗೆ ಆಗಸ್ಟ್ 6ರಿಂದ ನೀರು ಬರುತ್ತದೆ. ಮೊದಲು ಜುಲೈ 28 ಎಂದು ತಿಳಿಸಿದ್ದೆವು. ನಾಲೆಯ ಹೂಳು ತೆಗೆಯುವ ಕೆಲಸವನ್ನು ಸಂಘದ ಮೂವರು ಸದಸ್ಯರು ನೋಡಿ ವರದಿ ಕೊಡಬೇಕಿತ್ತು. ವರದಿ ತಡವಾಗಿದ್ದರಿಂದ ದಿನ ಬದಲಾಗಿದೆ."

ಷಷ್ಠಿ 16ರಿಂದ 3ಕ್ಕೆ ಇಳಿಯಿತು: ಕೊನೆಭಾಗದ, ನಾಲೆಯ, ಸಂಘದ. ಮೂರೂ ಬೇರೆ ಬೇರೆ ಕಡೆ ಇವೆ, ಒಂದಕ್ಕೊಂದು ಕಟ್ಟಿಕೊಂಡಿಲ್ಲ. ಪದಗಳ ಲೆಕ್ಕ ಮಾತ್ರ 22ರಿಂದ 27ಕ್ಕೆ ಏರಿದೆ. ಉದ್ದ ಆಯಿತಲ್ಲ ಎಂದು ಕಾರ್ಯದರ್ಶಿ ಕೇಳಿದರು. ಹಳೆಯದರಲ್ಲಿ ಇಲ್ಲದ ಎರಡು ದಿನಾಂಕಗಳ ಮಾತನ್ನೂ ‘ಸಂಘದ ಮೂವರು ಸದಸ್ಯರು’ ಎಂಬುದನ್ನೂ ತೆಗೆದು ಎಣಿಸಿ ನೋಡಿ, 17 ಪದ ಉಳಿಯುತ್ತದೆ. ಅದೇ ವಿಷಯ ಹೇಳಲು 22ರ ಬದಲು 17 ಸಾಕಾಯಿತು. ಮಿಕ್ಕ ಹತ್ತು ಪದ ಫೋನ್ ಕರೆಗಳಿಗೆ ಉತ್ತರ.

ತಿದ್ದಿದ್ದು ಸರಿಯಾಯಿತೇ ಎಂದು ತಿಳಿಯಲು ನಾನು ಒಂದು ಕೆಲಸ ಮಾಡುತ್ತೇನೆ. ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಗಟ್ಟಿಯಾಗಿ ಓದಿ ಹೇಳುತ್ತೇನೆ. ಹಾಳೆ ಮಡಚಿಟ್ಟು ‘ಯಾರು ಏನು ಮಾಡಬೇಕು, ಯಾವಾಗ?’ ಎಂದು ಕೇಳುತ್ತೇನೆ. ಅವರು ತಮ್ಮ ಮಾತಿನಲ್ಲಿ ಹೇಳಿದರೆ ಆಯಿತು. ನನ್ನ ಪದಗಳನ್ನೇ ತಡವರಿಸುತ್ತಾ ಒಪ್ಪಿಸಿದರೆ ಸರಪಳಿ ಇನ್ನೂ ಎಲ್ಲೋ ಉಳಿದಿದೆ. ಅಂದು ಕಾಫಿ ತಂದ ನಮ್ಮ ಮನೆಯವರಿಗೇ ಓದಿ ಹೇಳಿದೆ. "ಆರನೇ ತಾರೀಖು ನೀರು ಬತ್ತದೆ ಅಂತ ತಾನೆ?" ಅಂದರು. ಅಷ್ಟು ಸಾಕಿತ್ತು.

ಮುಟ್ಟಬಾರದ ಜಾಗಗಳು

ಕಾಯ್ದೆ, ನಿಯಮ, ಯೋಜನೆಗಳ ಹೆಸರು ಎಷ್ಟೇ ಉದ್ದ ಇದ್ದರೂ ಹಾಗೇ ಇರಲಿ. ಹುದ್ದೆಗಳ ಹೆಸರೂ ಅಷ್ಟೇ. ಅರ್ಜಿಯಲ್ಲಿ ಹೆಸರು ಬದಲಾದರೆ ಅದು ಬೇರೆ ಕಡತಕ್ಕೆ ಹೋಗಬಹುದು. ಒಪ್ಪಂದದ ಪತ್ರ, ಕ್ರಯಪತ್ರ, ಕೋರ್ಟಿಗೆ ಕೊಡುವ ಪ್ರಮಾಣಪತ್ರ ಇವುಗಳಲ್ಲಿ ಒಂದು ವಿಭಕ್ತಿ ಬದಲಾದರೂ ಹಕ್ಕು ಬದಲಾಗಬಹುದು. ಅವನ್ನು ವಕೀಲರಿಗೆ ತೋರಿಸದೆ ತಿದ್ದಬೇಡಿ. ಉದ್ದ ಹೆಸರು ಮತ್ತೆ ಮತ್ತೆ ಬರುವುದಾದರೆ, ಮೊದಲ ಸಲ ಪೂರ್ತಿ ಬರೆದು ‘ಮುಂದೆ ಇದನ್ನು ಯೋಜನೆ ಎಂದು ಕರೆಯಲಾಗಿದೆ’ ಎಂದು ಒಂದು ಸಾಲು ಸೇರಿಸಿ.

ಇನ್ನು ಪತ್ರದ ‘ವಿಷಯ’ ಸಾಲು. ಸರಪಳಿ ಅತಿ ಹೆಚ್ಚು ಬೆಳೆಯುವ ಜಾಗ ಅದು. ಪತ್ರದ ಸಾರವನ್ನೆಲ್ಲ ಒಂದೇ ನಾಮಪದದಲ್ಲಿ ಕಟ್ಟಿ ‘ಬಗ್ಗೆ’ ಎಂದು ಮುಗಿಸುವ ಅಭ್ಯಾಸ ನಮಗಿದೆ. "ವಿಷಯ: ಕೊನೆಭಾಗದ ರೈತರ ನೀರಿನ ಸಮಸ್ಯೆಯ ಪರಿಹಾರದ ಕ್ರಮದ ಬಗ್ಗೆ." ಇದನ್ನು ಓದಿದ ಅಧಿಕಾರಿಗೆ ಪತ್ರ ಏನು ಕೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಕಚೇರಿ ಕನ್ನಡದಲ್ಲೇ ಇದಕ್ಕೆ ಒಳ್ಳೆಯ ಪದ ಇದೆ: ‘ಕೋರಿ’. ಅದಕ್ಕೆ ಮೊದಲು ಒಂದು ಕ್ರಿಯಾಪದ ಇಟ್ಟರೆ ಸರಪಳಿ ಬೆಳೆಯಲು ಜಾಗವೇ ಸಿಗುವುದಿಲ್ಲ. ಹೊರಡುವ ಮುಂಚೆ ಕಾರ್ಯದರ್ಶಿಯವರು ತಮ್ಮ ಇನ್ನೊಂದು ಮನವಿ ಪತ್ರದ ಮೇಲೆ ಪೆನ್ನಿನಿಂದ ತಾವೇ ತಿದ್ದಿದರು: "ವಿಷಯ: ಕೊನೆಭಾಗದ ಗದ್ದೆಗಳಿಗೆ ನೀರು ಬಿಡಲು ಕೋರಿ."